ಒಂದೇ ಸ್ಲೈಡಿನಲ್ಲಿ ಎರಡು ಲಿಪಿ: ಅಳತೆ ಕನ್ನಡದಿಂದ ಶುರುವಾಗಲಿ

ಕನ್ನಡ, ಇಂಗ್ಲಿಷ್ ಎರಡೂ ಇರುವ ಸ್ಲೈಡುಗಳು ಬಹುಪಾಲು ಒಂದೇ ರೀತಿ ತಯಾರಾಗುತ್ತವೆ. ಮೊದಲು ಇಂಗ್ಲಿಷಿನಲ್ಲಿ ಎಲ್ಲವನ್ನೂ ಜೋಡಿಸಿ ಮುಗಿಸುತ್ತಾರೆ. ಶೀರ್ಷಿಕೆ, ನಾಲ್ಕೈದು ಅಂಶ, ಪಕ್ಕದಲ್ಲೊಂದು ಚಿತ್ರ ಅಂದವಾಗಿ ಕೂರುತ್ತವೆ. ಕಾರ್ಯಕ್ರಮದ ಹಿಂದಿನ ದಿನ ಕನ್ನಡ ಅನುವಾದ ಬರುತ್ತದೆ, ಅದನ್ನು ಉಳಿದ ಜಾಗಕ್ಕೆ ಅಂಟಿಸುತ್ತಾರೆ. ಶೀರ್ಷಿಕೆ ಎರಡನೆಯ ಸಾಲಿಗೆ ಜಾರುತ್ತದೆ, ಕೊನೆಯ ಅಂಶ ಸ್ಲೈಡಿನ ಅಂಚು ದಾಟಿ ಮಾಯವಾಗುತ್ತದೆ, ಒಂದು ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಕನ್ನಡವನ್ನು ಚಿಕ್ಕದು ಮಾಡುವುದು. ಯಾರಿಗಾಗಿ ಕನ್ನಡ ಹಾಕಿದರೋ ಅವರೇ, ಹಿಂದಿನ ಸಾಲಿನಲ್ಲಿ ಕುಳಿತು, ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ.

ಇದಕ್ಕೆ ಕಾರಣ ಕನ್ನಡ ವಾಕ್ಯ ಉದ್ದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಕನ್ನಡ ಹೆಚ್ಚು ಕೇಳುವುದು ಎತ್ತರವನ್ನು. ಆ ಎತ್ತರವನ್ನು ಮೊದಲು ಲೆಕ್ಕ ಹಾಕಿ, ಉಳಿದದ್ದರಲ್ಲಿ ಇಂಗ್ಲಿಷನ್ನು ಕೂರಿಸಿದರೆ ಇಂಗ್ಲಿಷಿಗೆ ಎಲ್ಲೂ ತೊಂದರೆಯಾಗುವುದಿಲ್ಲ. ಕ್ರಮ ಹಿಂದುಮುಂದಾದರೆ ಕನ್ನಡಕ್ಕೆ ಎಂದೂ ಜಾಗ ಸಾಲುವುದಿಲ್ಲ. ಒಂದು ಸ್ಲೈಡನ್ನು ಕೊನೆಯವರೆಗೂ ಕಟ್ಟಿ ಇದನ್ನು ತೋರಿಸುತ್ತೇನೆ.

ಉದಾಹರಣೆಗೆ ಮಣ್ಣು ಪರೀಕ್ಷೆಯ ತರಬೇತಿಯನ್ನು ತೆಗೆದುಕೊಳ್ಳೋಣ. ಮಣ್ಣಿನ ಆರೋಗ್ಯ ಚೀಟಿಯ ಯೋಜನೆ 2015ರ ಫೆಬ್ರುವರಿಯಲ್ಲಿ ಶುರುವಾದದ್ದು. ಆ ಚೀಟಿಯಲ್ಲಿ ರೈತರ ಹೊಲದ ಮಣ್ಣಿನ 12 ಗುಣಗಳನ್ನು ಅಳೆದು ಬರೆದಿರುತ್ತಾರೆ. ಪರೀಕ್ಷೆಗೆ ಮಣ್ಣು ತೆಗೆಯುವುದು ಹೇಗೆಂದು ತಿಳಿಸುವ ಸಭೆಯಲ್ಲಿ ಮುಂದೆ ರೈತರಿರುತ್ತಾರೆ. ಜೊತೆಗೆ ಕನ್ನಡ ಬಾರದ ಒಬ್ಬಿಬ್ಬರು ವಿಜ್ಞಾನಿಗಳು, ಹೊರ ರಾಜ್ಯದ ಅಧಿಕಾರಿಗಳು ಇರಬಹುದು. ಎರಡು ಭಾಷೆ ಬೇಕಾಗುವುದು ಇಂಥಲ್ಲೇ. ಓದಬೇಕಾದವರಲ್ಲಿ ಹೆಚ್ಚಿನವರು ಕನ್ನಡದವರು ಎಂಬುದೂ ಇಲ್ಲಿ ಸ್ಪಷ್ಟ.

ಎತ್ತರದ ಲೆಕ್ಕ

ಇಂಗ್ಲಿಷಿನ ಒಂದು ಸಾಲನ್ನು ದೂರದಿಂದ ನೋಡಿ. ಹೆಚ್ಚಿನ ಅಕ್ಷರಗಳು ಒಂದೇ ಎತ್ತರದ ಪಟ್ಟಿಯೊಳಗೆ ಇರುತ್ತವೆ. ಕೆಲವಕ್ಕೆ ಮೇಲೊಂದು ಕೋಲು, ಕೆಲವಕ್ಕೆ ಕೆಳಗೊಂದು ಬಾಲ, ಅಷ್ಟೇ. ಕನ್ನಡದಲ್ಲಿ ಅಕ್ಷರದ ಮೈ, ಅದರ ನೆತ್ತಿಯಲ್ಲಿ ತಲೆಕಟ್ಟು ಅಥವಾ ಗುಡಿಸು, ಪಾದದಡಿಯಲ್ಲಿ ಒತ್ತು, ಕೆಲವೊಮ್ಮೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ‘ಸ್ತ್ರೀ’ ಎಂಬುದು ಬಾಯಿಗೆ ಒಂದೇ ಅಕ್ಷರ. ಆದರೆ ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಚಿಹ್ನೆ: ಸ, ಹಲಂತ, ತ, ಮತ್ತೆ ಹಲಂತ, ರ, ಈಕಾರ. ಆರರಲ್ಲಿ ಬಹುಪಾಲು ಮೇಲೆ ಕೆಳಗೆ ಸೇರಿಕೊಳ್ಳುತ್ತವೆ, ಅಕ್ಕಪಕ್ಕ ಅಲ್ಲ. ಹೀಗಾಗಿ ಇಷ್ಟು ‘ಕ್ಯಾರೆಕ್ಟರ್’ ಒಳಗೆ ಮುಗಿಸಿ ಎಂದು ಅನುವಾದಕರಿಗೆ ಹೇಳುವುದರಿಂದ ಏನೂ ಉಪಯೋಗವಿಲ್ಲ. ತಂತ್ರಾಂಶ ಎಣಿಸುವ ಸಂಖ್ಯೆಗೂ ಪರದೆ ಮೇಲೆ ಹಿಡಿಯುವ ಜಾಗಕ್ಕೂ ನೇರ ಸಂಬಂಧ ಇಲ್ಲ. ಎಣಿಸಬೇಕಾದ್ದು ಎರಡನ್ನು: ಒಂದು ಸಾಲಿನಲ್ಲಿ ಬಾಯಿಂದ ಹೇಳುವ ಅಕ್ಷರ ಎಷ್ಟು, ಒಟ್ಟು ಸಾಲು ಎಷ್ಟು.

ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬೇಕು ಎನ್ನುವುದನ್ನು ಊಹಿಸಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಮೇಲಿನ ಸಾಲಿನಲ್ಲಿ ಕೆಳಕ್ಕೆ ಇಳಿಯುವ ಪದಗಳನ್ನು ಬರೆಯಿರಿ: ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ, ಉತ್ಕೃಷ್ಟ. ಅದರ ಕೆಳಗಿನ ಸಾಲಿನಲ್ಲಿ ತಲೆ ಎತ್ತಿರುವ ಪದಗಳನ್ನು ಬರೆಯಿರಿ: ನೀರಿನ, ಹಿಡಿ, ಶೀಘ್ರ, ಠೇವಣಿ. ಈಗ ಸಾಲಿನ ಅಂತರ ಕಡಿಮೆ ಮಾಡುತ್ತಾ ಹೋಗಿ. ಯಾವ ಅಂತರದಲ್ಲಿ ಮೇಲಿನ ಒತ್ತು ಕೆಳಗಿನ ತಲೆಗೆ ತಾಗುವಷ್ಟು ಹತ್ತಿರ ಬಂತೋ ಅದಕ್ಕಿಂತ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ. ಸಾಮಾನ್ಯ ಫಾಂಟುಗಳಲ್ಲಿ ಅಕ್ಷರದ ಗಾತ್ರದ ಒಂದೂವರೆ ಪಾಲು ಇಟ್ಟರೆ ನೆಮ್ಮದಿ. ಅಂದರೆ 24 ಪಾಯಿಂಟ್ ಅಕ್ಷರಕ್ಕೆ 36 ಪಾಯಿಂಟ್ ಸಾಲು. ಇಂಗ್ಲಿಷಿಗೆ ಒಂದೂಕಾಲು ಪಾಲು, ಇನ್ನೊಂದಿಷ್ಟು ಸೇರಿಸಿದರೆ ಧಾರಾಳ.

ಅಂತರವನ್ನು ಪವರ್‌ಪಾಯಿಂಟಿನಲ್ಲಿ ಗುಣಕವಾಗಿ ಕೊಡಬಾರದು, ನಿಖರ ಪಾಯಿಂಟಿನಲ್ಲಿ ಕೊಡಬೇಕು. Line Spacing ಎಂಬಲ್ಲಿ Exactly ಆರಿಸಿ 36 ಎಂದು ಬರೆಯಬೇಕು. ಇದಕ್ಕೆ ಕಾರಣವಿದೆ. ಗುಣಕ ಕೊಟ್ಟರೆ ತಂತ್ರಾಂಶ ಫಾಂಟು ಹೇಳುವ ಎತ್ತರವನ್ನು ಹಿಡಿದು ಲೆಕ್ಕ ಮಾಡುತ್ತದೆ. ಕನ್ನಡ ಫಾಂಟು ಹೇಳುವ ಎತ್ತರ ಒಂದು, ಇಂಗ್ಲಿಷ್ ಫಾಂಟಿನದು ಇನ್ನೊಂದು. ಒಂದೇ ಪ್ಯಾರಾದಲ್ಲಿ ಎರಡೂ ಬಂದರೆ, ಯಾವ ಸಾಲಿನಲ್ಲಿ ಎತ್ತರದ ಫಾಂಟು ಇದೆಯೋ ಆ ಸಾಲು ಮಾತ್ರ ಹಿಗ್ಗುತ್ತದೆ. ಸಾಲುಗಳ ನಡುವಿನ ಅಂತರ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಿ ಪ್ಯಾರಾ ಅಂಕುಡೊಂಕಾಗುತ್ತದೆ. ನಿಖರ ಸಂಖ್ಯೆ ಕೊಟ್ಟರೆ ಎಲ್ಲ ಸಾಲೂ ಸಮ.

ಚೌಕಟ್ಟು ಕಟ್ಟುವುದು

ಪವರ್‌ಪಾಯಿಂಟಿನ ಈಗಿನ ಅಗಲ ಸ್ಲೈಡ್ 13.333 ಇಂಚು ಅಗಲ, 7.5 ಇಂಚು ಎತ್ತರ. ಇಂಚಿಗೆ 72 ಪಾಯಿಂಟ್ ಎಂದು ಲೆಕ್ಕ ಹಾಕಿದರೆ 960 ಅಗಲ, 540 ಎತ್ತರ. ಅಕ್ಷರದ ಗಾತ್ರವೂ ಪಾಯಿಂಟಿನಲ್ಲೇ ಇರುವುದರಿಂದ ಎಲ್ಲವನ್ನೂ ಪಾಯಿಂಟಿನಲ್ಲಿ ಯೋಚಿಸಿದರೆ ಲೆಕ್ಕ ಬಹಳ ಸುಲಭವಾಗುತ್ತದೆ. ಅಳತೆಯ ಖಾನೆಯಲ್ಲಿ 500 pt ಎಂದು ಟೈಪ್ ಮಾಡಿದರೆ ತಂತ್ರಾಂಶ ತಾನೇ ಅದನ್ನು ಇಂಚಿಗೋ ಸೆಂಟಿಮೀಟರಿಗೋ ಬದಲಾಯಿಸಿಕೊಳ್ಳುತ್ತದೆ.

ಎಡಬಲಕ್ಕೆ 48 ಪಾಯಿಂಟ್ ಬಿಟ್ಟರೆ ಉಳಿಯುವ ಅಗಲ 864. ಮೇಲೆ 36 ಬಿಟ್ಟು, ಶೀರ್ಷಿಕೆಗೆ 110 ಕೊಟ್ಟು, ಕೆಳಗೆ ಪುಟಸಂಖ್ಯೆಗೆ 34 ಇಟ್ಟರೆ ನಡುವೆ ಸಿಗುವ ಎತ್ತರ 360. ಶೀರ್ಷಿಕೆಯ 110ರಲ್ಲಿ ಕನ್ನಡದ ಒಂದು ಸಾಲು 40 ಪಾಯಿಂಟಿನಲ್ಲಿ, ಅದರ ಕೆಳಗೆ ಇಂಗ್ಲಿಷಿನ ಒಂದು ಸಾಲು 24ರಲ್ಲಿ ಕೂರುತ್ತವೆ. ಶೀರ್ಷಿಕೆ ಇಷ್ಟೇ, ಎರಡು ಸಾಲಿನ ಕನ್ನಡ ಶೀರ್ಷಿಕೆಗೆ ಅವಕಾಶ ಕೊಡದಿರುವುದು ಒಳ್ಳೆಯದು.

ನಡುವಿನ ಜಾಗವನ್ನು ಹಂಚುವಾಗ ಹೆಚ್ಚಿನವರು ಸರಿಯಾಗಿ ಅರ್ಧಕ್ಕೆ ಗೆರೆ ಎಳೆಯುತ್ತಾರೆ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ನೋಡಲು ನ್ಯಾಯವೆನಿಸುವ ಈ ಹಂಚಿಕೆ ಕನ್ನಡಕ್ಕೆ ನಷ್ಟ. ಕನ್ನಡದಲ್ಲಿ ವಿಭಕ್ತಿ, ಕ್ರಿಯಾರೂಪ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದ. ಸಾಲು ಕಿರಿದಾದಷ್ಟೂ ಮುಂದಿನ ಪದ ಹಿಡಿಸದೆ ಕೆಳಗಿಳಿಯುತ್ತದೆ, ಸಾಲಿನ ಕೊನೆಯಲ್ಲಿ ದೊಡ್ಡ ಖಾಲಿ ಉಳಿಯುತ್ತದೆ. ಇಂಗ್ಲಿಷಿನ ಪದಗಳು ಚಿಕ್ಕವು, ಅದು ಕಿರಿದಾದ ಕಾಲಮಿನಲ್ಲೂ ಹೊಂದಿಕೊಳ್ಳುತ್ತದೆ. ಆದ್ದರಿಂದ ಕನ್ನಡಕ್ಕೆ 500, ಇಂಗ್ಲಿಷಿಗೆ 340, ನಡುವೆ 24 ಎಂದು ಹಂಚುತ್ತೇನೆ. ಕನ್ನಡ 24 ಪಾಯಿಂಟಿನಲ್ಲಿ, ಇಂಗ್ಲಿಷ್ 20ರಲ್ಲಿ.

ಮೇಲೆ ಪೂರ್ತಿ ಕನ್ನಡ, ಕೆಳಗೆ ಪೂರ್ತಿ ಇಂಗ್ಲಿಷ್ ಇಡುವವರೂ ಇದ್ದಾರೆ. ಅಂಶಗಳು ಒಂದೆರಡೇ ಇದ್ದರೆ ಅದು ಚೆನ್ನ, ಪೂರ್ತಿ ಅಗಲ ಸಿಗುತ್ತದೆ. ನಾಲ್ಕು ಅಂಶಗಳಿದ್ದರೆ ಭಾಷಣಕಾರ ಮೂರನೆಯದನ್ನು ಹೇಳುವಾಗ ಎರಡು ಗುಂಪಿನವರೂ ಪರದೆಯ ಬೇರೆ ಬೇರೆ ಮೂಲೆ ಹುಡುಕಬೇಕು. ಪಕ್ಕಪಕ್ಕ ಇಟ್ಟು, ಒಂದೊಂದು ಅಂಶಕ್ಕೆ ಒಂದೊಂದು ಅಡ್ಡಸಾಲು ಕೊಟ್ಟರೆ ಮೂರನೆಯದು ಎರಡೂ ಭಾಷೆಯಲ್ಲಿ ಒಂದೇ ಮಟ್ಟದಲ್ಲಿರುತ್ತದೆ. ಹಾಗಾಗಿ 360 ಎತ್ತರವನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೆ 90 ಕೊಡೋಣ. ಕನ್ನಡದ ಎರಡು ಸಾಲು 72 ತೆಗೆದುಕೊಳ್ಳುತ್ತದೆ, ಉಳಿದದ್ದು ಉಸಿರಾಟದ ಜಾಗ. ಇಂಗ್ಲಿಷಿನ ಸಾಲು 26ರ ಲೆಕ್ಕದಲ್ಲಿ ಮೂರು ಸಾಲಿಗೆ 78. ಎರಡೂ 90ರ ಒಳಗೇ ಇವೆ.

ಇಲ್ಲೊಂದು ಸೂಕ್ಷ್ಮವಿದೆ. ಎರಡೂ ಚೌಕಟ್ಟುಗಳ ಮೇಲಂಚನ್ನು ಸಮ ಮಾಡಿದರೆ ಅಕ್ಷರಗಳು ಸಮವಾಗಿ ಕಾಣುವುದಿಲ್ಲ. ಕನ್ನಡದ ಸಾಲು ಎತ್ತರವಾದ್ದರಿಂದ ಅದರ ಅಕ್ಷರಗಳ ಪಾದ ಸ್ವಲ್ಪ ಕೆಳಗಿರುತ್ತದೆ. ಇಂಗ್ಲಿಷ್ ಚೌಕಟ್ಟನ್ನು ಏಳೆಂಟು ಪಾಯಿಂಟ್ ಕೆಳಕ್ಕೆ ಇಳಿಸಿ, ಅಡ್ಡಲಾಗಿ ಒಂದು ಗೈಡ್ ಗೆರೆ ಎಳೆದು, ಮೊದಲ ಸಾಲಿನ ಪಾದಗಳು ಆ ಗೆರೆಯ ಮೇಲೆ ಕೂತಿವೆಯೇ ಎಂದು ನೋಡಬೇಕು. ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಕ್ಷರದ ಮೈಯ ಪಾದವನ್ನು ಹಿಡಿಯಬೇಕು.

ಇದನ್ನೆಲ್ಲ ಒಂದೊಂದು ಸ್ಲೈಡಿನಲ್ಲಿ ಮಾಡುವುದಲ್ಲ. ‘ಸ್ಲೈಡ್ ಮಾಸ್ಟರ್’ನಲ್ಲಿ ಒಮ್ಮೆ ಕಟ್ಟಿಟ್ಟರೆ ಇಡೀ ಪ್ರಸ್ತುತಿಗೆ ಅದೇ ಅಚ್ಚು.

ಬರಹವನ್ನು ಅಳತೆಗೆ ತರುವುದು

ಈಗ ಚೌಕಟ್ಟಿನೊಳಗೆ ಎಷ್ಟು ಹಿಡಿಯುತ್ತದೆ ಎಂದು ಅಂದಾಜು ಮಾಡಬೇಕು. ಟೆಕ್ಸ್ಟ್ ಬಾಕ್ಸಿನ ಒಳಗಡೆ ಎಡಬಲಕ್ಕೆ ತಲಾ 0.1 ಇಂಚು ಅಂಚು ತಾನಾಗಿ ಇರುತ್ತದೆ. ಅದನ್ನು ಕಳೆದರೆ ಕನ್ನಡದ 500ರಲ್ಲಿ ಉಳಿಯುವುದು ಸುಮಾರು 486. ಗುಣಿತ, ದೀರ್ಘ ಎಲ್ಲ ಸೇರಿಸಿ ಒಂದು ಕನ್ನಡ ಅಕ್ಷರ ಸರಾಸರಿ ಗಾತ್ರದ ಮುಕ್ಕಾಲು ಪಾಲು ಅಗಲ ಹಿಡಿಯುತ್ತದೆ ಎಂದಿಟ್ಟುಕೊಂಡರೆ, 24ಕ್ಕೆ 18. ಸಾಲಿಗೆ 27 ಅಕ್ಷರ. ಎರಡು ಸಾಲಿಗೆ 54. ಪದಗಳ ನಡುವಿನ ಜಾಗ, ಸಾಲಿನ ಕೊನೆಯ ಖಾಲಿ ಕಳೆದು 40 ಎಂದು ಹಿಡಿಯುವುದು ಕ್ಷೇಮ. ಇಂಗ್ಲಿಷಿನ ಅಕ್ಷರ ಗಾತ್ರದ ಅರ್ಧ ಅಗಲ; 20ಕ್ಕೆ 10. ಸಾಲಿಗೆ 32 ಅಕ್ಷರ. ಇವು ಅಂದಾಜು. ಫಾಂಟು ಬದಲಾದರೆ ಬದಲಾಗುತ್ತವೆ, ನಿಮ್ಮ ಫಾಂಟಿನಲ್ಲಿ ಒಂದು ಸಾಮಾನ್ಯ ಪ್ಯಾರಾ ಹಾಕಿ ಎಣಿಸಿಕೊಳ್ಳುವುದೇ ಸರಿಯಾದ ದಾರಿ.

ಮಣ್ಣು ತೆಗೆಯುವ ಮೊದಲ ಹಂತ ಇಂಗ್ಲಿಷಿನಲ್ಲಿ ಹೀಗಿದೆ ಎಂದುಕೊಳ್ಳಿ. ಸಾಲು ಮುರಿದಿರುವುದು 340ರ ಕಾಲಮಿನಲ್ಲಿ ಮುರಿಯುವಂತೆಯೇ:

```
Walk in a zigzag and mark 15
spots, keeping away from bunds,
trees and manure heaps.
```

ಸರಿಯಾಗಿ ಮೂರು ಸಾಲು. ಇದಕ್ಕೆ ಕಚೇರಿಯ ಕನ್ನಡದಲ್ಲಿ ಬರುವ ಅನುವಾದ ಬಹುತೇಕ ಈ ಥರ: ‘ಹೊಲದಲ್ಲಿ ಅಂಕುಡೊಂಕಾಗಿ ನಡೆಯುವುದರ ಮೂಲಕ 15 ಸ್ಥಳಗಳನ್ನು ಗುರುತಿಸಿಕೊಳ್ಳಬೇಕು, ಬದುಗಳು, ಮರಗಳು ಮತ್ತು ಗೊಬ್ಬರದ ಗುಂಡಿಗಳ ಸಮೀಪದ ಸ್ಥಳಗಳನ್ನು ಹೊರತುಪಡಿಸಬೇಕು.’ ಅಂಕಿ ಸೇರಿ 68 ಅಕ್ಷರ. ಮೂರು ಸಾಲು ಬೇಕು, ಅಂದರೆ 108 ಪಾಯಿಂಟ್ ಎತ್ತರ. ನಮ್ಮಲ್ಲಿರುವುದು 90. ಹೊರಚೆಲ್ಲಿತು.

ಇಲ್ಲಿ ಅಕ್ಷರದ ಗಾತ್ರಕ್ಕೆ ಕೈ ಹಾಕಬಾರದು. ವಾಕ್ಯವನ್ನು ರೈತರೇ ಪರಸ್ಪರ ಹೇಳಿಕೊಳ್ಳುವ ರೀತಿಯಲ್ಲಿ ಮತ್ತೆ ಬರೆಯಬೇಕು: ‘ಹೊಲದಲ್ಲಿ ಅಂಕುಡೊಂಕಾಗಿ ನಡೆದು 15 ಕಡೆ ಗುರುತು ಹಾಕಿ. ಬದು, ಮರ, ತಿಪ್ಪೆಯ ಹತ್ತಿರ ಬೇಡ.’ 33 ಅಕ್ಷರ, ಎರಡೇ ಸಾಲು. ಅರ್ಥದಲ್ಲಿ ಏನೂ ಕಳೆದಿಲ್ಲ. ಹೋದದ್ದು ‘ಮೂಲಕ’, ‘ಸಮೀಪದ ಸ್ಥಳಗಳನ್ನು’, ‘ಹೊರತುಪಡಿಸಬೇಕು’ ಎಂಬ ತೂಕ ಮಾತ್ರ. ಬದು, ಮರ ಎನ್ನುವಲ್ಲಿ ಬಹುವಚನವೂ ಬೇಕಿಲ್ಲ; ಕನ್ನಡದ ಆಡುಮಾತು ಅದನ್ನು ಕೇಳುವುದಿಲ್ಲ. ಸ್ಲೈಡುಗಳಲ್ಲಿ ಕನ್ನಡ ಹೊರಚೆಲ್ಲುವುದಕ್ಕೆ ಭಾಷೆಗಿಂತ ಈ ಬಗೆಯ ಅನುವಾದವೇ ದೊಡ್ಡ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅನುವಾದಕರ ಕೈಗೆ ಇಂಗ್ಲಿಷ್ ಪಠ್ಯ ಮಾತ್ರ ಕೊಟ್ಟರೆ ಅವರು ಪದಕ್ಕೆ ಪದ ಕೊಡುತ್ತಾರೆ. ಕಟ್ಟಿದ ಖಾಲಿ ಸ್ಲೈಡನ್ನೇ ಕೊಟ್ಟು, ‘ಈ ಗಾತ್ರದಲ್ಲಿ ಎರಡು ಸಾಲು, ಇದನ್ನು ಮೀರಬಾರದು’ ಎಂದರೆ ಅವರೂ ಬೇರೆಯೇ ರೀತಿಯಲ್ಲಿ ಬರೆಯುತ್ತಾರೆ.

ಉಳಿದ ಹಂತಗಳೂ ಹೀಗೆಯೇ. ಎರಡನೆಯದು: ‘ಮೇಲಿನ ಕಸಕಡ್ಡಿ ಸರಿಸಿ, 15 ಸೆಂ.ಮೀ. ಆಳಕ್ಕೆ ‘ವಿ’ ಆಕಾರದ ಗುಂಡಿ ತೋಡಿ.’ ಮೂರನೆಯದು: ‘ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ ಮಣ್ಣು ಹೆರೆದು ಬಕೆಟ್ಟಿಗೆ ಹಾಕಿ.’ ಎರಡೂ ಸಲೀಸಾಗಿ ಕೂರುತ್ತವೆ.

ನಾಲ್ಕನೆಯದು ಕಷ್ಟದ್ದು. ತಂದ ಮಣ್ಣನ್ನೆಲ್ಲ ಬೆರೆಸಿ ಹರಡಬೇಕು, ನಾಲ್ಕು ಭಾಗ ಮಾಡಬೇಕು, ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಬೇಕು, ಅರ್ಧ ಕಿಲೋ ಉಳಿಯುವವರೆಗೂ ಹೀಗೇ ಮಾಡಬೇಕು. ಹೇಗೆ ಸವರಿದರೂ ಇದು 40 ಅಕ್ಷರದ ಅಂಚಿಗೆ ಬಂದು ನಿಲ್ಲುತ್ತದೆ, ಓದುವವರಿಗೂ ಒಂದೇ ಉಸಿರಿಗೆ ಅರ್ಥವಾಗುವುದಿಲ್ಲ. ಬರೆದು ಬರೆದು ಕತ್ತರಿಸುವುದರ ಬದಲು ಇಲ್ಲಿ ಚಿತ್ರಕ್ಕೆ ಕೆಲಸ ಕೊಡಬೇಕು. ಒಂದು ವೃತ್ತ, ಅದರ ಮೇಲೆ ಕೂಡಿಸುವ ಗುರುತು, ಎದುರುಬದುರಿನ ಎರಡು ಕಾಲುಭಾಗಕ್ಕೆ ಬಣ್ಣ. ಅದಕ್ಕೊಂದು ಪ್ರತ್ಯೇಕ ಸ್ಲೈಡ್, ಅದರಲ್ಲಿ ‘ಬಣ್ಣದ ಭಾಗ ಬಿಡಿ’ ಎಂದು ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್. ಮೊದಲ ಸ್ಲೈಡಿನ ನಾಲ್ಕನೆಯ ಅಡ್ಡಸಾಲಿನಲ್ಲಿ ‘ಎಲ್ಲ ಮಣ್ಣು ಬೆರೆಸಿ, ನಾಲ್ಕು ಭಾಗ ಮಾಡಿ ಅರ್ಧ ಕಿಲೋಗೆ ಇಳಿಸಿ’ ಎಂದಿದ್ದರೆ ಸಾಕು.

ತಾನಾಗಿ ಕುಗ್ಗಿಸುವ ಸೌಲಭ್ಯ

ಪವರ್‌ಪಾಯಿಂಟಿನಲ್ಲಿ ಬರಹ ಹೆಚ್ಚಾದರೆ ತಾನಾಗಿ ಅಕ್ಷರ ಚಿಕ್ಕದು ಮಾಡಿ ಚೌಕಟ್ಟಿನೊಳಗೆ ಕೂರಿಸುವ ವ್ಯವಸ್ಥೆ ಇದೆ. ಅದರ ಹೆಸರು Shrink text on overflow. ಎರಡು ಭಾಷೆಯ ಸ್ಲೈಡಿನಲ್ಲಿ ಅತ್ಯಂತ ಹೆಚ್ಚು ಹಾನಿ ಮಾಡುವುದು ಇದೇ. ಅದು ಮಾಡುವುದೇನೆಂದು ಫೈಲಿನ ಒಳಗೇ ಓದಬಹುದು. ಪ್ರಸ್ತುತಿಯ ಒಂದು ಪ್ರತಿ ಮಾಡಿಕೊಂಡು ಅದರ ಹೆಸರಿನ ಕೊನೆಯ `.pptx` ತೆಗೆದು `.zip` ಎಂದು ಹಾಕಿ ತೆರೆಯಿರಿ. `ppt/slides` ಎಂಬ ಫೋಲ್ಡರಿನಲ್ಲಿ ಒಂದೊಂದು ಸ್ಲೈಡಿಗೂ ಒಂದೊಂದು ಪಠ್ಯ ಫೈಲ್ ಇರುತ್ತದೆ. ಕುಗ್ಗಿರುವ ಕಡೆ ಇಂಥದೊಂದು ಸಾಲು ಸಿಗುತ್ತದೆ:

```
<a:normAutofit fontScale="77500" lnSpcReduction="20000"/>
```

ಅಕ್ಷರವನ್ನು ಶೇ 77.5ಕ್ಕೆ ಇಳಿಸಿದ್ದೇನೆ, ಸಾಲಿನ ಅಂತರದಲ್ಲಿ ಶೇ 20 ಕಡಿತ ಮಾಡಿದ್ದೇನೆ ಎಂದು ಇದರ ಅರ್ಥ. ನೀವು 24 ಎಂದುಕೊಂಡದ್ದು ಪರದೆಯಲ್ಲಿ 18.6 ಆಗಿರುತ್ತದೆ. ಪಕ್ಕದ ಸ್ಲೈಡಿನಲ್ಲಿ ಬರಹ ಕಡಿಮೆ ಇದ್ದರೆ ಅಲ್ಲಿ 24 ಹಾಗೇ ಇರುತ್ತದೆ. ಸ್ಲೈಡಿನಿಂದ ಸ್ಲೈಡಿಗೆ ಕನ್ನಡ ಹಿಗ್ಗಿ ಕುಗ್ಗಿ ಆಗುತ್ತದೆ. ಇದಕ್ಕಿಂತ ಕೆಟ್ಟದ್ದು ಎರಡನೆಯ ಕಡಿತ. ಇಂಗ್ಲಿಷಿನ ಸಾಲಿನ ಅಂತರದಲ್ಲಿ ಐದನೇ ಒಂದು ಭಾಗ ತೆಗೆದರೆ ಅದು ಇಕ್ಕಟ್ಟಾಗಿ ಕಾಣುತ್ತದೆ, ಅಷ್ಟೇ. ಓದಲು ತೊಂದರೆ ಇಲ್ಲ. ಕನ್ನಡದಲ್ಲಿ ಆ ಐದನೇ ಒಂದು ಭಾಗವೇ ಒತ್ತುಗಳು ಇರುವ ಜಾಗ.

ಮಾಸ್ಟರಿನಲ್ಲೇ ಎಲ್ಲ ಚೌಕಟ್ಟಿಗೂ Do not Autofit ಎಂದು ಇಟ್ಟುಬಿಡಿ. ಆಗ ಬರಹ ಹೆಚ್ಚಾದರೆ ಹೊರಗೆ ಚೆಲ್ಲಿ ಕಣ್ಣಿಗೆ ಬೀಳುತ್ತದೆ. ತಯಾರಿಯ ಹೊತ್ತಿನಲ್ಲಿ ತಪ್ಪು ಕಾಣುವುದೇ ಬೇಕಾದ್ದು.

ಚಿಕ್ಕ ಅಕ್ಷರಕ್ಕೆ ನಾನು ಇಷ್ಟು ವಿರೋಧ ಏಕೆಂದರೆ, ಕನ್ನಡದಲ್ಲಿ ಓದುವಿಕೆ ನಿಂತಿರುವುದು ಅತಿ ಸಣ್ಣ ಗೆರೆಗಳ ಮೇಲೆ. ದ, ಧ, ಥ ಮೂರರ ಹೊರರೂಪ ಒಂದೇ. ವ್ಯತ್ಯಾಸ ಕೆಳಗಿನ ಸೀಳು, ಒಳಗಿನ ಚುಕ್ಕೆ. ಬ ಮತ್ತು ಭ, ಡ ಮತ್ತು ಢ ಕೂಡ ಹೀಗೆಯೇ. ಒತ್ತಕ್ಷರವಂತೂ ಮುಖ್ಯ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು. ಮುಖ್ಯ ಅಕ್ಷರ 18ಕ್ಕೆ ಇಳಿದಾಗ ಒತ್ತು ಪರದೆಯ ಮೇಲೆ ಒಂದು ಮಚ್ಚೆಯಾಗುತ್ತದೆ. ಬೋಲ್ಡ್ ಮಾಡಿದರೆ ಸೀಳು ಮುಚ್ಚಿಹೋಗುತ್ತದೆ. ಒತ್ತಿ ಹೇಳಬೇಕಾದ್ದನ್ನು ಬಣ್ಣದಿಂದ ಹೇಳುವುದು ಮೇಲು. ಇಂಗ್ಲಿಷಿನಿಂದ ಬಂದ ಅಡಿಗೆರೆಯೂ ಇಲ್ಲಿ ಸಲ್ಲದು, ಅದು ನೇರವಾಗಿ ಒತ್ತುಗಳ ಮೇಲೆಯೇ ಹಾಯುತ್ತದೆ.

ಕೋಷ್ಟಕದ ಪಾಡು

ಅದೇ ತರಬೇತಿಯಲ್ಲಿ ಚೀಟಿಯನ್ನು ಓದುವುದು ಹೇಗೆಂದು ತೋರಿಸಲು ಕೋಷ್ಟಕ ಬೇಕಾಗುತ್ತದೆ. 12 ಗುಣಗಳನ್ನು 12 ಕಾಲಮು ಮಾಡಿದರೆ ಒಂದಕ್ಕೆ ಸಿಗುವುದು 72 ಪಾಯಿಂಟ್. ಅದರಲ್ಲಿ ‘ಮ್ಯಾಂಗನೀಸ್’ ಹಿಡಿಯುವುದಿಲ್ಲ. ಪದ ಖಾನೆಗಿಂತ ಅಗಲವಾದರೆ ಪವರ್‌ಪಾಯಿಂಟ್ ಅದನ್ನು ನಡುವೆಯೇ ಕತ್ತರಿಸುತ್ತದೆ. ‘ಮ್ಯಾಂಗನೀ’ ಮೇಲೆ, ‘ಸ್’ ಕೆಳಗೆ. ಅಡ್ಡಗೆರೆ ಹಾಕಿ ಪದ ಮುರಿಯುವ ಸೌಲಭ್ಯವೂ ಅದರಲ್ಲಿ ಇಲ್ಲ.

ಕೋಷ್ಟಕವನ್ನು ತಿರುಗಿಸಿ, ಗುಣಗಳನ್ನು ಅಡ್ಡಸಾಲು ಮಾಡಬೇಕು. ಎಡಗಡೆ ಕನ್ನಡದ ಹೆಸರು, ಬಲಗಡೆ ಇಂಗ್ಲಿಷಿನ ಹೆಸರು, ನಡುವೆ ಸಂಕೇತ ಮತ್ತು ಅಂಕಿ. ಸಾರಜನಕದ N, ಸತುವಿನ Zn, 6.8 ಎಂಬ ಅಂಕಿ ಎರಡು ಭಾಷೆಗೂ ಸೇರಿದ್ದು. ಅದನ್ನು ಎರಡು ಸಲ ಬರೆಯುವುದು ಜಾಗದ ದಂಡ. ಕನ್ನಡ ಅಂಕಿಗಳ ಬಗ್ಗೆ ನನಗೆ ಪ್ರೀತಿಯಿದೆ, ಆದರೂ ಇಂಥ ಸ್ಲೈಡಿನಲ್ಲಿ 0ರಿಂದ 9ರ ಅಂಕಿಗಳನ್ನೇ ಬಳಸುವುದು ಸರಿ, ಆಗಷ್ಟೇ ನಡುವಿನ ಕಾಲಮು ಎರಡೂ ಕಡೆಯವರಿಗೆ ಸಲ್ಲುತ್ತದೆ.

ತಿರುಗಿಸಿದ ಮೇಲೂ ಎತ್ತರ ನೋಡಬೇಕು. 360ರಲ್ಲಿ ತಲೆಸಾಲು ಸೇರಿ 13 ಸಾಲು ಹಾಕಿದರೆ ಒಂದಕ್ಕೆ 28ಕ್ಕೂ ಕಡಿಮೆ. ನಮ್ಮ 24ರ ಕನ್ನಡಕ್ಕೆ 36 ಬೇಕು. ಕುಗ್ಗಿಸದೆ ಎರಡು ಸ್ಲೈಡ್ ಮಾಡಿದರೆ ಒಂದೊಂದರಲ್ಲಿ ಆರು ಗುಣ, ತಲೆಸಾಲು ಸೇರಿ ಏಳು ಸಾಲು, ಒಂದಕ್ಕೆ 51 ಪಾಯಿಂಟ್ ಸಿಗುತ್ತದೆ. ವಿಷಯವೂ ಹಾಗೆಯೇ ಒಡೆಯುತ್ತದೆ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್ ಒಂದು ಕಡೆ, ಗಂಧಕ, ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ ಇನ್ನೊಂದು ಕಡೆ.

ಬೇರೆಯವರ ಕಂಪ್ಯೂಟರಿನಲ್ಲಿ

ಇಷ್ಟು ಅಳೆದು ಕೂರಿಸಿದ ಸ್ಲೈಡು ಸಭಾಂಗಣದ ಕಂಪ್ಯೂಟರಿನಲ್ಲಿ ಹೊರಚೆಲ್ಲಿದರೆ ದೋಷ ಫಾಂಟಿನದು. ವಿಂಡೋಸಿನಲ್ಲಿ ಮೊದಲು ಇದ್ದ ಕನ್ನಡ ಫಾಂಟು ತುಂಗಾ; ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು, ವಿಂಡೋಸ್ 10ರಲ್ಲಿ ತುಂಗಾ ಬೇಕಾದವರು ಬೇರೆಯಾಗಿ ಹಾಕಿಕೊಳ್ಳುವ ಫಾಂಟಾಯಿತು. ಆದರೆ ಆಫೀಸಿನ ಸಾಮಾನ್ಯ ಥೀಮಿನ ಫೈಲಿನಲ್ಲಿ ಕನ್ನಡಕ್ಕೆ ಸೂಚಿಸಿರುವುದು ಇನ್ನೂ ತುಂಗಾವನ್ನೇ. ತುಂಗಾ ಇರುವ ಯಂತ್ರದಲ್ಲಿ ಒಂದು ಅಳತೆ, ಇಲ್ಲದಲ್ಲಿ ಮತ್ತೊಂದು. ಮ್ಯಾಕ್ ಆದರೆ ಕನ್ನಡ ಸಂಗಮ್ ಅಥವಾ ಅದರ ಜೊತೆಯ ಇನ್ನೊಂದು ಫಾಂಟು ಬಂದು ಕೂರುತ್ತದೆ. ಯಾವ ಫಾಂಟನ್ನೂ ನೀವಾಗಿ ಆರಿಸದೆ ಬಿಟ್ಟರೆ ನಿಮ್ಮ ಅಳತೆಯೆಲ್ಲ ಆ ಹೊತ್ತಿಗೆ ಎದುರಾದ ಯಂತ್ರದ ಕೈಯಲ್ಲಿ.

ಹಾಗಾಗಿ ಫಾಂಟನ್ನು ಹೆಸರು ಹಿಡಿದು ಆರಿಸಬೇಕು. ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಕೈ ರೂಪಿಸಿದ ಫಾಂಟುಗಳು ಈಗ ಉಚಿತವಾಗಿ ಸಿಗುತ್ತವೆ: ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ. ಇವುಗಳಲ್ಲಿ ಎರಡು ಲಿಪಿಯ ಗೆರೆಯ ದಪ್ಪ, ಎತ್ತರ ಒಂದಕ್ಕೊಂದು ಹೊಂದುವಂತೆ ಇರುವುದರಿಂದ ಒಂದು ಸಾಲಿನಲ್ಲಿ ಎರಡೂ ಬಂದರೂ ಒಂದು ಗಾಢ, ಒಂದು ತೆಳು ಎನಿಸುವುದಿಲ್ಲ. ಅನೇಕ್ ಕನ್ನಡದಲ್ಲಿ ಕಿರಿದಾದ ಅಗಲದ ರೂಪಗಳೂ ಇವೆ. ಕೋಷ್ಟಕದ ತಲೆಸಾಲಿಗೆ ಒಂದು ಹಂತ ಕಿರಿದಾದುದನ್ನು ಬಳಸಬಹುದು. ಇಡೀ ಪಠ್ಯಕ್ಕೆ ಬಳಸಿದರೆ ಅಕ್ಷರದ ಒಳಗಿನ ಬಯಲು ಮುಚ್ಚಿ, ಮೇಲೆ ಹೇಳಿದ ದ-ಧ ತೊಂದರೆಯೇ ಮರಳುತ್ತದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಬಂದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲದಿದ್ದರೆ ಯಾರಾದರೂ ಎಲ್ಲವನ್ನೂ ಆಯ್ದು ಫಾಂಟು ಬದಲಿಸಿದ ಕ್ಷಣ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ.

ಫೈಲನ್ನು ಉಳಿಸುವಾಗ Embed fonts in the file ಎಂಬುದನ್ನು ಗುರುತು ಮಾಡಿ, ಎಲ್ಲ ಅಕ್ಷರಗಳೂ ಸೇರುವಂತೆ ಮಾಡಿದರೆ ಫಾಂಟು ಫೈಲಿನ ಜೊತೆಗೇ ಹೋಗುತ್ತದೆ. ಜೊತೆಗೊಂದು ಪಿಡಿಎಫ್ ಪ್ರತಿ ಇರಲಿ. ಅದರಲ್ಲಿ ಅನಿಮೇಶನ್ ಇರುವುದಿಲ್ಲ, ಆದರೆ ಸಾಲುಗಳು ನೀವಿಟ್ಟ ಜಾಗದಲ್ಲೇ ಇರುತ್ತವೆ. ಫಾಂಟು ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಎರಡನ್ನೂ ಒಮ್ಮೆ ತೆರೆದು, ಕನ್ನಡದ ಪ್ರತಿ ಅಂಶವೂ ಎರಡೇ ಸಾಲಿನಲ್ಲಿ ನಿಂತಿದೆಯೇ ಎಂದು ಎಣಿಸಿ ನೋಡಬೇಕು.

ಇಷ್ಟಾದರೂ ಸಭೆ ಶುರುವಾಗುವ ಹೊತ್ತಿಗೆ ಒಂದು ಬದಲಾವಣೆ ಬಂದೇ ಬರುತ್ತದೆ, ಹೆಚ್ಚಾಗಿ ಮೊದಲ ಸ್ಲೈಡಿಗೆ. ಅತಿಥಿಯ ಹೆಸರು ಸೇರಿಸಿ, ಹುದ್ದೆ ತಿದ್ದಿ ಎನ್ನುತ್ತಾರೆ. ಹುದ್ದೆಗಳು ಎರಡೂ ಭಾಷೆಯಲ್ಲಿ ಉದ್ದವೇ, ಮೊಟಕು ಮಾಡಲು ಯಾರೂ ಒಪ್ಪುವುದಿಲ್ಲ. ಆ ಸ್ಲೈಡಿನಲ್ಲಿ ಹೆಸರಿಗೆ ಒಂದು ಸಾಲು, ಹುದ್ದೆಗೆ ಎರಡು ಸಾಲು ಕನ್ನಡ, ಎರಡು ಸಾಲು ಇಂಗ್ಲಿಷ್ ಎಂದು ಮೊದಲೇ ಬಿಟ್ಟಿರಬೇಕು. ಒಬ್ಬರೇ ಅತಿಥಿ ಎಂದು ಹೇಳಿದ್ದರೂ ಮಾಸ್ಟರಿನಲ್ಲಿ ಇಬ್ಬರಿಗೆ ಆಗುವ ಇನ್ನೊಂದು ಅಚ್ಚು ಸಿದ್ಧವಿರಬೇಕು.